ಫೋನಿನಲ್ಲಿ ಓದಿಸಿಕೊಂಡು ಹೋಗುವ ಬರಹ: ವಾಕ್ಯ, ಸಾಲು, ಖಾಲಿ ಜಾಗ ಸರಿಪಡಿಸುವ ಬಗೆ

‘ವಿಷಯ ಚೆನ್ನಾಗಿದೆ, ಆದರೆ ಫೋನಿನಲ್ಲಿ ಓದೋಕೆ ಆಗಲ್ಲ ಅಂತಾರೆ, ಏನು ಮಾಡಲಿ?’ ಇದು ಬರೆಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ. ಬರಹ ಚಿಕ್ಕದು ಮಾಡಿ ಎಂಬ ಉತ್ತರ ಎಲ್ಲರಿಗೂ ಸಿಗುತ್ತದೆ, ಆದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಮುನ್ನೂರು ಪದದ ಬರಹವೂ ಉಸಿರು ಕಟ್ಟಿಸಬಹುದು, ಎರಡು ಸಾವಿರ ಪದದ್ದೂ ಸರಾಗವಾಗಿ ಸಾಗಬಹುದು. ವ್ಯತ್ಯಾಸ ಇರುವುದು ಲಯದಲ್ಲಿ. ವಾಕ್ಯ ಎಲ್ಲಿ ನಿಲ್ಲುತ್ತದೆ, ಪ್ಯಾರಾ ಎಲ್ಲಿ ಮುಗಿಯುತ್ತದೆ, ಸಾಲಿಗೂ ಸಾಲಿಗೂ ಎಷ್ಟು ಜಾಗ ಇದೆ ಎಂಬ ಮೂರೇ ವಿಷಯ ಸೇರಿ ಈ ಲಯ ಆಗುತ್ತದೆ. ಬರೆದಿಟ್ಟ ಒಂದು ಬರಹವನ್ನು ಹಂತ ಹಂತವಾಗಿ ಹೇಗೆ ಸರಿಪಡಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಒಂದು ಸಣ್ಣ ಲೆಕ್ಕ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಪರದೆ ಬ್ರೌಸರಿನ ಲೆಕ್ಕದಲ್ಲಿ ಸುಮಾರು 360 ಪಿಕ್ಸೆಲ್ ಅಗಲ, 800 ಪಿಕ್ಸೆಲ್ ಎತ್ತರ ಇರುತ್ತದೆ. ಎರಡೂ ಬದಿ 16 ಪಿಕ್ಸೆಲ್ ಅಂಚು ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 328. ಕನ್ನಡವನ್ನು 18 ಪಿಕ್ಸೆಲ್ ಗಾತ್ರದಲ್ಲಿ ಇಟ್ಟರೆ ಒಂದು ಸಾಲಿನಲ್ಲಿ ಹೆಚ್ಚುಕಡಿಮೆ 22ರಿಂದ 25 ಅಕ್ಷರ ಹಿಡಿಯುತ್ತವೆ, ಅಂದರೆ ನಾಲ್ಕು ಪದ, ಸಣ್ಣವಾದರೆ ಐದು. ಮೇಲಿನ ವಿಳಾಸಪಟ್ಟಿ, ಕೆಳಗಿನ ಗುಂಡಿಗಳನ್ನು ಕಳೆದರೆ ಒಂದು ಪರದೆಗೆ ಸುಮಾರು 21 ಸಾಲು. ಹಾಗಾಗಿ 80–90 ಪದದ ಒಂದು ಪ್ಯಾರಾ ಪರದೆಯನ್ನು ಅಂಚಿನಿಂದ ಅಂಚಿಗೆ ತುಂಬಿಬಿಡುತ್ತದೆ. ಕಂಪ್ಯೂಟರಿನಲ್ಲಿ ಅದೇ ಪ್ಯಾರಾ ಆರೇಳು ಸಾಲಿನ ಸಭ್ಯ ಪ್ಯಾರಾ ಆಗಿ ಕಾಣಿಸಿರುತ್ತದೆ. ಬರೆದವರಿಗೆ ತೊಂದರೆ ಕಾಣದೇ ಹೋಗುವುದಕ್ಕೆ ಇದೇ ಕಾರಣ.

ಏನೇನು ಬೇಕು

ಬರಹದ ಒಂದು ಪ್ರತಿ, ಒಂದು ಫೋನು, ಹುಡುಕಿ ಬದಲಿಸುವ ಸೌಲಭ್ಯ ಇರುವ ಯಾವುದಾದರೂ ಎಡಿಟರ್. ವರ್ಡ್ ಇದ್ದರೆ ಸುಲಭ. ಮೂಲ ಪ್ರತಿಯನ್ನು ಮುಟ್ಟಬೇಡಿ. ನಕಲು ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ, ಯಾಕೆಂದರೆ ಮೊದಲ ಹಂತದಲ್ಲೇ ಎಲ್ಲ ಸಾಲುಗಳೂ ಒಮ್ಮೆ ಕಲಸಿಹೋಗುವ ಸಾಧ್ಯತೆ ಇದೆ.

ಹಂತ 1: ಬೇಡದ ಎಂಟರ್‌ಗಳನ್ನು ತೆಗೆಯಿರಿ

ಪಿಡಿಎಫ್‌ನಿಂದ ನಕಲಿಸಿದ ಬರಹದಲ್ಲಿ, ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಬದಲಿಸಿದ ಹಳೆಯ ಕಡತಗಳಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಎಂಟರ್ ಕುಳಿತಿರುವುದು ಸಾಮಾನ್ಯ. ಕಂಪ್ಯೂಟರಿನಲ್ಲಿ ಅದು ಗೊತ್ತಾಗುವುದಿಲ್ಲ. ಫೋನಿನಲ್ಲಿ ನೋಡಿದರೆ ಎರಡು ಸಾಲು ಪೂರ್ತಿ, ಮೂರನೆಯ ಸಾಲಿನಲ್ಲಿ ಒಂದೇ ಪದ, ಮತ್ತೆ ಎರಡು ಪೂರ್ತಿ, ಮತ್ತೆ ಒಂಟಿ ಪದ. ಹೀಗೆ ಮುಕ್ಕಾದ ಸಾಲುಗಳು ಕಂಡರೆ ವಾಕ್ಯ ತಿದ್ದಲು ಹೊರಡಬೇಡಿ, ರೋಗ ಎಂಟರ್‌ನದ್ದು.

ವರ್ಡ್‌ನಲ್ಲಿ `Ctrl+H` ಒತ್ತಿದರೆ ಹುಡುಕಿ ಬದಲಿಸುವ ಕಿಟಕಿ ತೆರೆಯುತ್ತದೆ. ಅಲ್ಲಿ ಎಂಟರ್‌ಗೆ ಗುರುತು `^p`, ಶಿಫ್ಟ್ ಒತ್ತಿ ಹೊಡೆದ ಎಂಟರ್‌ಗೆ ಗುರುತು `^l`. ಮೂರು ಸಲ ಬದಲಿಸಬೇಕು, ಅದೂ ಇದೇ ಅನುಕ್ರಮದಲ್ಲಿ:

1. `^p^p` ಹುಡುಕಿ, ಅದರ ಜಾಗಕ್ಕೆ ಬರಹದಲ್ಲಿ ಬೇರೆಲ್ಲೂ ಇಲ್ಲದ ಒಂದು ಗುರುತು ಹಾಕಿ, ಉದಾಹರಣೆಗೆ `@@`. ನಿಜವಾದ ಪ್ಯಾರಾಗಳನ್ನು ಇದು ಕಾಪಾಡುತ್ತದೆ.
2. ಉಳಿದ `^p` ಎಲ್ಲವನ್ನೂ ಒಂದು ಸ್ಪೇಸ್‌ಗೆ ಬದಲಿಸಿ. `^l` ಇದ್ದರೆ ಅದನ್ನೂ.
3. `@@` ಅನ್ನು ಮತ್ತೆ `^p`ಗೆ ತನ್ನಿ.

ಅನುಕ್ರಮ ತಪ್ಪಿ ಎರಡನೆಯದನ್ನು ಮೊದಲು ಮಾಡಿದರೆ ಇಡೀ ಬರಹ ಒಂದೇ ಪ್ಯಾರಾ ಆಗಿ ಕೂರುತ್ತದೆ. ಬರಹದ ನಡುವೆ ಪದ್ಯ, ವಿಳಾಸ ಅಥವಾ ಅಳತೆಗಳ ಪಟ್ಟಿ ಇದ್ದರೆ ಅವನ್ನು ಮೊದಲೇ ಕತ್ತರಿಸಿ ಬೇರೆ ಕಡೆ ಇಟ್ಟುಕೊಳ್ಳಿ. ಅವುಗಳ ಸಾಲು ಮುರಿದದ್ದು ಬೇಕೆಂದೇ.

ಮುದ್ರಣಕ್ಕೆ ಕೂರಿಸಿದ ಪುಟದಿಂದ ತಂದ ಬರಹದಲ್ಲಿ ಸಾಲಿನ ಕೊನೆಗೆ ಪದ ಮುರಿದು ಅಡ್ಡಗೆರೆ ಹಾಕಿರುತ್ತಾರೆ. ಎಂಟರ್ ತೆಗೆದ ಮೇಲೆ ಅದು ‘ಮಾಡು- ತ್ತಾರೆ’ ಎಂದು ಸಾಲಿನ ನಡುವೆ ಉಳಿದುಕೊಳ್ಳುತ್ತದೆ. ಅಡ್ಡಗೆರೆಯ ನಂತರ ಸ್ಪೇಸ್ ಇರುವ ಜಾಗಗಳನ್ನು ಹುಡುಕಿ ಒಂದೊಂದಾಗಿ ನೋಡಿ ತೆಗೆಯಿರಿ. ಒಟ್ಟಿಗೆ ಬದಲಿಸಿದರೆ ‘ಅಣ್ಣ-ತಮ್ಮ’ನಂಥ ಜೋಡಿಪದದ ಗೆರೆಯೂ ಹೋಗಬಹುದು.

ಹಂತ 2: ಫೋನಿನ ಅಗಲಕ್ಕೆ ಇಟ್ಟು ಗುರುತು ಹಾಕಿ

ಈಗ ಬರಹವನ್ನು ಫೋನಿಗೆ ಕಳಿಸಿಕೊಂಡು ಒಮ್ಮೆ ಸುಮ್ಮನೆ ಓದಿ. ಕಂಪ್ಯೂಟರಿನಲ್ಲೇ ನೋಡಬೇಕೆಂದರೆ ಕ್ರೋಮ್‌ನಲ್ಲಿ ಪುಟ ತೆರೆದು `F12` ಒತ್ತಿ, ಆಮೇಲೆ `Ctrl+Shift+M` ಒತ್ತಿದರೆ ಪುಟ ಫೋನಿನ ಅಗಲಕ್ಕೆ ಬರುತ್ತದೆ. ಅಗಲದ ಜಾಗದಲ್ಲಿ 360 ಎಂದು ಕೊಡಿ.

ಈ ಓದಿನಲ್ಲಿ ಏನನ್ನೂ ತಿದ್ದಬೇಡಿ. ಮೂರು ಬಗೆಯ ಜಾಗಗಳಿಗೆ ಮಾತ್ರ ಗುರುತು ಹಾಕಿ. ಆರು ಸಾಲು ದಾಟಿದ ವಾಕ್ಯ ಒಂದು ಬಗೆ. ಪರದೆಯ ಅರ್ಧಕ್ಕಿಂತ ಹೆಚ್ಚು ಹಿಡಿದ ಪ್ಯಾರಾ ಇನ್ನೊಂದು. ಓದುತ್ತಾ ಓದುತ್ತಾ ಹಿಂದಿನ ಸಾಲಿಗೆ ಹೋಗಿ ಬರಬೇಕಾದ ಜಾಗ ಮೂರನೆಯದು. ಇದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಕಣ್ಣು ಹಿಂದಕ್ಕೆ ಹೋದ ಕಡೆಯೇ ಓದುಗರು ಬಿಟ್ಟು ಹೋಗುವುದು.

ಹಂತ 3: ಉದ್ದ ವಾಕ್ಯವನ್ನು ಕ್ರಿಯಾಪದದ ಬಳಿ ಒಡೆಯಿರಿ

ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಅದು ಬರುವ ತನಕ ಯಾರು ಏನು ಮಾಡಿದರು ಎಂಬುದನ್ನು ಓದುಗರು ತಲೆಯಲ್ಲಿ ಹೊತ್ತುಕೊಂಡೇ ಸಾಗಬೇಕು. ಮೇಲಾಗಿ ‘ಮಾಡಿ, ಹೋಗಿ, ಬಂದು, ನೋಡುತ್ತಾ’ ಎಂದು ಎಷ್ಟು ಬೇಕಾದರೂ ಪೋಣಿಸಿಕೊಂಡು ಹೋಗುವ ಅನುಕೂಲ ನಮ್ಮ ಭಾಷೆಯಲ್ಲಿದೆ. ವ್ಯಾಕರಣದಲ್ಲಿ ಇವಕ್ಕೆ ಕೃದಂತಾವ್ಯಯ ಎನ್ನುತ್ತಾರೆ. ಇಲ್ಲಿ ಅರೆಕ್ರಿಯೆ ಎಂದು ಕರೆಯೋಣ, ‘ಮಾಡಿದರೆ, ಮಾಡಿದರೂ, ಮಾಡುವವರೆಗೆ’ಗಳನ್ನೂ ಸೇರಿಸಿಕೊಂಡು: ಕೆಲಸವನ್ನು ಹೇಳುತ್ತದೆ, ಆದರೆ ವಾಕ್ಯವನ್ನು ಮುಗಿಸುವುದಿಲ್ಲ. ಮಾತಿನಲ್ಲಿ ಈ ಸರಪಳಿ ಚೆಂದ, ದನಿಯ ಏರಿಳಿತ ಅದನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ಪದದ ಸಾಲಿನಲ್ಲಿ ಅದೇ ಸರಪಳಿ ಭಾರ.

ಮಾವಿನ ಮಿಡಿ ಉಪ್ಪಿನಕಾಯಿಯ ಬರಹವೊಂದರ ಈ ಪ್ಯಾರಾ ನೋಡಿ:

> ತೊಟ್ಟು ಮುರಿಯದ ಎಳೆಯ ಮಾವಿನ ಮಿಡಿಗಳನ್ನು ಚೆನ್ನಾಗಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ ನೀರಿನ ಪಸೆ ಪೂರ್ತಿ ಆರಿದ ಮೇಲೆ ತೇವವಿಲ್ಲದ ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಹಾಕುತ್ತಾ ಬಂದು ಮೇಲೆ ಬಟ್ಟೆ ಕಟ್ಟಿ ದಿನಕ್ಕೊಮ್ಮೆ ಭರಣಿಯನ್ನು ಅಲ್ಲಾಡಿಸುತ್ತಾ ಮಿಡಿಗಳು ಉಪ್ಪಿನ ನೀರು ಬಿಟ್ಟು ಮುರುಟಿಕೊಳ್ಳುವವರೆಗೆ ಇಟ್ಟು ಆಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಅದರಲ್ಲಿ ಸಾಸಿವೆ ಮತ್ತು ಒಣಮೆಣಸಿನಕಾಯಿ ರುಬ್ಬಿ ಮಿಡಿಗೆ ಬೆರೆಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲವಾದರೂ ಯಾವುದಾದರೂ ಹಂತದಲ್ಲಿ ಒಂದು ಹನಿ ಹಸಿನೀರು ಸೋಕಿದರೆ ಬೂಸ್ಟು ಬಂದು ಇಡೀ ಭರಣಿ ಹಾಳಾಗುತ್ತದೆ.

ಒಂದೇ ವಾಕ್ಯ, 62 ಪದ. ಫೋನಿನಲ್ಲಿ ಹದಿನೈದು ಹದಿನಾರು ಸಾಲು, ಮುಕ್ಕಾಲು ಪರದೆ. ಅರೆಕ್ರಿಯೆಗಳು ಹದಿನೈದಕ್ಕೂ ಹೆಚ್ಚು, ವಾಕ್ಯ ಮುಗಿಸುವ ಪೂರ್ಣ ಕ್ರಿಯಾಪದ ಒಂದೇ ಒಂದು, ಅದೂ ಕಟ್ಟಕಡೆಗೆ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ಪ್ಯಾರಾದ ಜೀವಾಳವಾದ ಎಚ್ಚರಿಕೆ, ಅಂದರೆ ಹಸಿನೀರು ಸೋಕಬಾರದು ಎಂಬುದು, ಹದಿಮೂರನೆಯ ಸಾಲಿನ ಆಸುಪಾಸಿನಲ್ಲಿ ಹೂತುಹೋಗಿದೆ.

ಒಡೆಯುವ ಕ್ರಮ ಹೀಗೆ. ಅರೆಕ್ರಿಯೆಗಳ ಕೆಳಗೆಲ್ಲ ಗೆರೆ ಎಳೆಯಿರಿ. ಕೆಲಸದ ಜಾಗ ಅಥವಾ ಸಮಯ ಬದಲಾಗುವ ಕಡೆ ಯಾವುದು ಎಂದು ನೋಡಿ. ಇಲ್ಲಿ ಮಿಡಿ ಆರಿದ್ದು ಮುಗಿದು ಭರಣಿಗೆ ಬರುವುದು ಒಂದು ತಿರುವು, ಮುರುಟಿದ ಮೇಲೆ ಉಪ್ಪುನೀರಿಗೆ ಬರುವುದು ಇನ್ನೊಂದು, ಎಚ್ಚರಿಕೆ ಮೂರನೆಯದು. ಆ ತಿರುವುಗಳಲ್ಲಿ ಅರೆಕ್ರಿಯೆಯನ್ನು ಪೂರ್ಣ ಕ್ರಿಯೆ ಮಾಡಿ ನಿಲ್ಲಿಸಿ. ಒಂದೇ ಉಸಿರಿನಲ್ಲಿ ನಡೆಯುವ ಕೆಲಸಗಳು, ಉದಾಹರಣೆಗೆ ಕುದಿಸಿ ಆರಿಸಿ ರುಬ್ಬುವುದು, ಒಟ್ಟಿಗೇ ಇರಲಿ. ಒಂದು ವಾಕ್ಯದಲ್ಲಿ ಮೂರು ಅರೆಕ್ರಿಯೆ ದಾಟದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಸಾಕು. ನಾಲ್ಕನೆಯದು ಬಂದೇ ಬರಬೇಕೆಂದರೆ ವಾಕ್ಯ ಬೇರೆ ರೀತಿಯಲ್ಲಿ ಹಗುರವಾಗಿರಬೇಕು, ಪದಗಳು ಚಿಕ್ಕವಾಗಿರಬೇಕು.

ಹೀಗೆ ಒಡೆಯುವಾಗಲೇ ಬಹಳ ಜನ ಎದುರಿನ ಹಳ್ಳಕ್ಕೆ ಬೀಳುತ್ತಾರೆ:

> ಮಿಡಿ ತೊಳೆಯಬೇಕು. ಬಟ್ಟೆಯಲ್ಲಿ ಒರೆಸಬೇಕು. ನೀರಿನ ಪಸೆ ಆರಿಸಬೇಕು. ಭರಣಿಗೆ ತುಂಬಬೇಕು. ಕಲ್ಲುಪ್ಪು ಹಾಕಬೇಕು. ಬಟ್ಟೆ ಕಟ್ಟಬೇಕು.

ಉದ್ದ ಹೋಯಿತು, ಲಯ ಬರಲಿಲ್ಲ. ಎಲ್ಲ ವಾಕ್ಯವೂ ಎರಡು ಮೂರು ಪದ, ಎಲ್ಲಕ್ಕೂ ಒಂದೇ ತೂಕ. ಯಾವುದು ಮುಖ್ಯ, ಯಾವುದು ಸಾಧಾರಣ ಎಂದು ಓದುಗರಿಗೆ ತಿಳಿಯುವುದಿಲ್ಲ. ಚಿಕ್ಕ ವಾಕ್ಯಕ್ಕೆ ಶಕ್ತಿ ಬರುವುದು ಪಕ್ಕದಲ್ಲಿ ಉದ್ದದ್ದು ಇದ್ದಾಗ ಮಾತ್ರ.

ಹಂತ 4: ವಾಕ್ಯದ ಬಾಲಗಳನ್ನು ಬದಲಿಸಿ

ಕ್ರಿಯಾಪದ ಕೊನೆಗೆ ಬರುವುದರಿಂದ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಉದ್ದ ಬದಲಿಸಿದರೂ ಪ್ರತಿ ವಾಕ್ಯ ‘ಬೇಕು, ಬೇಕು, ಬೇಕು’ ಎಂದೋ ‘ತ್ತದೆ, ತ್ತದೆ, ತ್ತದೆ’ ಎಂದೋ ಮುಗಿದರೆ ಪ್ರಾಸ ಹೊಡೆದಂತೆ ಕೇಳುತ್ತದೆ. ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಬೇರೆ ಬರೆದುಕೊಂಡು ಮೇಲಿನಿಂದ ಕೆಳಗೆ ಓದಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಒಂದೇ ಬಾಲ ಸತತ ಮೂರು ಸಲ ಬಂದರೆ ನಡುವಿನದ್ದನ್ನು ಬದಲಿಸಿ.

ಬದಲಿಸಲು ದಾರಿ ಬೇಕಾದಷ್ಟಿದೆ. ‘ಒರೆಸಬೇಕು’ ಎಂಬುದನ್ನು ‘ಒರೆಸಿಡಿ’ ಎಂದು ನೇರವಾಗಿ ಹೇಳಬಹುದು. ‘ನೀರು ತಾಗಬಾರದು’ ಅನ್ನುವುದನ್ನು ‘ನೀರು ತಾಗಕೂಡದು’ ಅನ್ನಬಹುದು. ‘ಕೆಡುವುದಿಲ್ಲ’ ಎಂಬುದು ‘ಕೆಡದು’ ಆದರೆ ಎರಡು ಅಕ್ಷರ ಉಳಿಯುತ್ತದೆ, ಮಾತೂ ಬಿಗಿಯಾಗುತ್ತದೆ. ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡಕ್ಕೆ ಸಹಜ: ‘ಇದಕ್ಕೆ ಕಾರಣ ಉಪ್ಪು.’ ಇಂಥದ್ದು ಒಂದು ಬಂದರೆ ಸುತ್ತಲಿನ ನಾಲ್ಕು ವಾಕ್ಯಗಳಿಗೆ ಉಸಿರು ಬರುತ್ತದೆ.

ಅಡುಗೆ, ರಿಪೇರಿ, ಅರ್ಜಿ ತುಂಬುವ ಬಗೆ ಮುಂತಾಗಿ ‘ಹೀಗೆ ಮಾಡಿ’ ಎಂದು ಹೇಳುವ ಬರಹಗಳಲ್ಲಿ ಒಂದು ಕಡೆ ವಿಶೇಷವಾಗಿ ಎಚ್ಚರ ಬೇಕು. ‘ಕಟ್ಟಿ, ಕುದಿಸಿ, ಒರೆಸಿ’ ಎಂಬ ರೂಪಗಳಿಗೆ ಎರಡು ಕೆಲಸ. ‘ಕಟ್ಟಿರಿ’ ಎಂಬ ಸೂಚನೆಯೂ ಅದೇ, ‘ಕಟ್ಟಿದ ಮೇಲೆ’ ಎಂಬ ಅರೆಕ್ರಿಯೆಯೂ ಅದೇ. ‘ಬಾಯಿಗೆ ಬಟ್ಟೆ ಕಟ್ಟಿ. ದಿನಕ್ಕೊಮ್ಮೆ ಅಲ್ಲಾಡಿಸಿ’ ಎಂದು ಬರೆದಾಗ ಆ ಸಣ್ಣ ಚುಕ್ಕಿ ಫೋನಿನಲ್ಲಿ ಕಣ್ಣಿಗೆ ಬೀಳದಿದ್ದರೆ ವಾಕ್ಯ ಇನ್ನೂ ನಡೆಯುತ್ತಿದೆ ಎಂದೇ ಓದುಗರು ಮುಂದಕ್ಕೆ ಹೋಗುತ್ತಾರೆ, ಅರ್ಧ ದಾರಿಯಲ್ಲಿ ಎಡವಿ ಹಿಂದಿರುಗುತ್ತಾರೆ. ಎರಡನೆಯ ಹಂತದಲ್ಲಿ ಗುರುತು ಹಾಕಿದ ‘ಹಿಂದೆ ಹೋಗಿ ಬಂದ’ ಜಾಗಗಳಲ್ಲಿ ಇಂಥವು ಹೇರಳವಾಗಿ ಸಿಗುತ್ತವೆ. ಪರಿಹಾರ ಸುಲಭ: ವಾಕ್ಯ ಮುಗಿಯುವ ಕಡೆ ‘ಕಟ್ಟಿಡಿ’, ‘ಕುದಿಯಲು ಬಿಡಿ’, ‘ಒರೆಸಿಕೊಳ್ಳಿ’ ಎಂದು ಅನುಮಾನಕ್ಕೆ ಎಡೆಯಿಲ್ಲದ ರೂಪ ಹಾಕಿ, ಇಲ್ಲವೇ ಆ ವಾಕ್ಯವನ್ನು ಪ್ಯಾರಾದ ಕೊನೆಗೆ ತನ್ನಿ.

ಈ ಎರಡೂ ಹಂತ ದಾಟಿದ ಮೇಲೆ ಮಿಡಿಯ ಪ್ಯಾರಾ ಹೀಗಾಗುತ್ತದೆ:

> ತೊಟ್ಟು ಇರುವ ಎಳೆಯ ಮಿಡಿಯನ್ನೇ ಆರಿಸಿಕೊಳ್ಳಿ. ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಪೂರ್ತಿ ಆರುವವರೆಗೆ ನೆರಳಲ್ಲಿ ಹರಡಿಡಿ.
>
> ಭರಣಿಯೂ ಒಣಗಿರಬೇಕು. ಅದರಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹೀಗೆ ತುಂಬಿಸುತ್ತಾ ಬನ್ನಿ. ಬಾಯಿಗೆ ಬಟ್ಟೆ ಕಟ್ಟಿಡಿ. ದಿನಕ್ಕೊಮ್ಮೆ ಭರಣಿ ಅಲ್ಲಾಡಿಸುತ್ತಿದ್ದರೆ ಮಿಡಿ ನೀರು ಬಿಟ್ಟು ಮುರುಟಿಕೊಳ್ಳುತ್ತದೆ.
>
> ಆ ಉಪ್ಪುನೀರು ಚೆಲ್ಲಬೇಡಿ. ಅದನ್ನೇ ಕುದಿಸಿ, ಆರಿಸಿ, ಅದರಲ್ಲಿ ಸಾಸಿವೆ ಮತ್ತು ಒಣಮೆಣಸಿನಕಾಯಿ ರುಬ್ಬಿ ಮಿಡಿಗೆ ಬೆರೆಸಿದರೆ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದು.
>
> ಹಸಿನೀರು ಮಾತ್ರ ಸೋಕಕೂಡದು. ಒಂದು ಹನಿ ಬಿದ್ದರೂ ಬೂಸ್ಟು ಬಂದು ಇಡೀ ಭರಣಿ ಹಾಳಾಗುತ್ತದೆ.

ಒಟ್ಟು 65 ಪದ, ಮೊದಲಿನದಕ್ಕಿಂತ ಮೂರು ಹೆಚ್ಚೇ. ವಾಕ್ಯಗಳ ಉದ್ದ ಪದಗಳ ಲೆಕ್ಕದಲ್ಲಿ 5, 11. ಆಮೇಲೆ 2, 10, 3, 7. ಆಮೇಲೆ 3, 13. ಕೊನೆಗೆ 3, 8. ಚಿಕ್ಕದೊಂದು ಬಾಗಿಲು ತೆರೆಯುತ್ತದೆ, ಉದ್ದದ್ದು ವಿವರ ಹೊತ್ತು ತರುತ್ತದೆ. ಮೂರನೆಯ ಪ್ಯಾರಾದ 13 ಪದದ ವಾಕ್ಯದಲ್ಲಿ ನಾಲ್ಕು ಅರೆಕ್ರಿಯೆ ಉಳಿದಿದೆ, ನಿಯಮಕ್ಕಿಂತ ಒಂದು ಜಾಸ್ತಿ. ಆದರೆ ‘ಕುದಿಸಿ, ಆರಿಸಿ’ ಎಂಬಲ್ಲಿ ಅಲ್ಪವಿರಾಮ ಇದೆ, ಮುಂದಿನ ಕೆಲಸವೂ ಅದೇ ನೀರಿನಲ್ಲಿ ನಡೆಯುತ್ತದೆ, ಹಾಗಾಗಿ ಅದನ್ನು ಮುರಿಯಬೇಕಿಲ್ಲ.

ಉದ್ದ ವಾಕ್ಯದಷ್ಟೇ ಉದ್ದ ಪದವೂ ಕಾಟ ಕೊಡುತ್ತದೆ. ‘ಅಳವಡಿಸಿಕೊಳ್ಳಬೇಕಾಗಿರುವುದರಿಂದ’ ಎಂಬ ಒಂದು ಪದ ಹದಿನೈದು ಅಕ್ಷರ, ಫೋನಿನ ಅರ್ಧ ಸಾಲಿಗಿಂತ ಹೆಚ್ಚು. ಸಾಲಿನಲ್ಲಿ ಜಾಗ ಸಾಲದೇ ಅದು ಕೆಳಗೆ ಹಾರಿದಾಗ ಮೇಲಿನ ಸಾಲು ಬೋಳಾಗಿ ಉಳಿಯುತ್ತದೆ. ಅದನ್ನು ‘ಅಳವಡಿಸಿಕೊಳ್ಳಬೇಕು. ಹಾಗಾಗಿ’ ಎಂದು ಬಿಡಿಸಿದರೆ ಸಾಲೂ ತುಂಬುತ್ತದೆ, ವಾಕ್ಯವೂ ತಾನಾಗಿ ಎರಡಾಗುತ್ತದೆ. ಸರ್ಕಾರಿ ಸುತ್ತೋಲೆಯ ಭಾಷೆಯಿಂದ ಬಂದ ‘ಮಾಡಲಾಗುತ್ತಿರುವುದರಿಂದ’, ‘ನೀಡಲಾಗಿರುತ್ತದೆ’ ಮುಂತಾದವನ್ನು ಹುಡುಕಿ ‘ಮಾಡುತ್ತಿದ್ದಾರೆ. ಹಾಗಾಗಿ’, ‘ಕೊಟ್ಟಿದ್ದಾರೆ’ ಎಂದು ಮಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹಂತ 5: ಪ್ಯಾರಾ ಎಲ್ಲಿ ಮುರಿಯಬೇಕು

ಫೋನಿಗೆ ಒಂದು ಪ್ಯಾರಾ 25ರಿಂದ 45 ಪದ ಇದ್ದರೆ ಹಿತ, ಆರರಿಂದ ಹನ್ನೊಂದು ಸಾಲು. ಕೆಲವು ಇದಕ್ಕಿಂತ ಚಿಕ್ಕವಿರಲಿ, ಒಂದೆರಡು ಉದ್ದವಿರಲಿ. ಪದ ಎಣಿಸಿ ಕತ್ತರಿ ಹಾಕಬೇಡಿ. ಕೆಲಸ, ಸಮಯ ಅಥವಾ ಮಾತಾಡುವವರು ಬದಲಾದಾಗ ಮುರಿಯಿರಿ.

ಮುರಿದ ಕೂಡಲೇ ಹೊಸ ಪ್ಯಾರಾದ ಮೊದಲ ವಾಕ್ಯ ನೋಡಿ. ಕನ್ನಡದಲ್ಲಿ ಕರ್ತೃಪದವನ್ನು, ಅಂದರೆ ಕೆಲಸ ಮಾಡಿದವರ ಹೆಸರನ್ನು, ಬಿಟ್ಟು ಮಾತಾಡುವುದು ರೂಢಿ. ‘ಗುಮಾಸ್ತರು ಅರ್ಜಿ ತೆಗೆದುಕೊಂಡರು. ಮೂರು ದಿನ ಬಿಟ್ಟು ಬರಲು ಹೇಳಿದರು’ ಎಂಬುದು ಒಂದೇ ಪ್ಯಾರಾದಲ್ಲಿ ಸರಿ. ಇದರ ನಡುವೆ ಖಾಲಿ ಜಾಗ ಬಂದರೆ ಹೇಳಿದವರು ಯಾರು ಎಂಬ ಕೊಂಡಿ ಸಡಿಲವಾಗುತ್ತದೆ. ಹಿಂದಿನ ಪ್ಯಾರಾ ಅಷ್ಟರಲ್ಲಿ ಪರದೆಯಿಂದ ಮೇಲಕ್ಕೆ ಸರಿದಿದ್ದರೆ ಹುಡುಕಲು ಬೆರಳು ವಾಪಸ್ ಹೋಗಬೇಕು. ‘ಅದು’, ‘ಇದರಿಂದ’, ‘ಅವರು’ ಎಂದು ಶುರುವಾಗುವ ಪ್ಯಾರಾಗಳ ಕಥೆಯೂ ಇಷ್ಟೇ. ಪ್ಯಾರಾ ತೆರೆಯುವಾಗ ಹೆಸರನ್ನೇ ಮತ್ತೆ ಹೇಳಿ. ಮಿಡಿಯ ಮೂರನೆಯ ಪ್ಯಾರಾ ‘ಅದನ್ನು ಚೆಲ್ಲಬೇಡಿ’ ಎನ್ನದೆ ‘ಆ ಉಪ್ಪುನೀರು ಚೆಲ್ಲಬೇಡಿ’ ಎಂದದ್ದು ಇದಕ್ಕೇ.

‘ಆದರೆ’, ‘ಹಾಗಾಗಿ’, ‘ಆಮೇಲೆ’ಗಳಿಂದ ಪ್ಯಾರಾ ತೆರೆಯಬಹುದು, ತಪ್ಪಿಲ್ಲ. ಖಾಲಿ ಜಾಗದ ನಂತರ ಬಂದ ‘ಆದರೆ’ಗೆ ಪ್ಯಾರಾದ ನಡುವೆ ಬಂದದ್ದಕ್ಕಿಂತ ತೂಕ ಹೆಚ್ಚು. ಆ ತೂಕ ಬೇಕಿದ್ದಲ್ಲಿ ಮಾತ್ರ ಬಳಸಿ.

ಒಂದೇ ವಾಕ್ಯದ ಪ್ಯಾರಾ ಈಗ ಚಟವಾಗಿಬಿಟ್ಟಿದೆ. ಪ್ರತಿ ವಾಕ್ಯಕ್ಕೂ ಒಂದು ಖಾಲಿ ಸಾಲು ಕೊಟ್ಟು ಬರೆಯುವವರು ಓದಲು ಸುಲಭವಾಗಲಿ ಎಂದೇ ಹಾಗೆ ಮಾಡುವುದು. ಆದರೆ ಎಲ್ಲ ಕಡೆ ಖಾಲಿ ಜಾಗ ಇದ್ದರೆ ಯಾವ ವಾಕ್ಯ ಯಾವುದಕ್ಕೆ ಸೇರಿದ್ದು ಎಂಬ ಸುಳಿವೇ ಇರುವುದಿಲ್ಲ, ಮೂರನೇ ಹಂತದ ‘ಬೇಕು, ಬೇಕು’ ಪ್ಯಾರಾದ್ದೇ ಇನ್ನೊಂದು ಅವತಾರ. ಒಂದು ಪರದೆಗೆ ಒಂದು ಒಂಟಿ ಸಾಲು ಸಾಕು, ಅದೂ ಎಚ್ಚರಿಕೆಯಂಥ ಮಾತಿಗೆ.

ಹಂತ 6: ಎಂಟರ್, ಶಿಫ್ಟ್ ಎಂಟರ್, ಅಂಟು ಸ್ಪೇಸ್

ವರ್ಡ್‌ಪ್ರೆಸ್, ಬ್ಲಾಗರ್‌ನಂಥ ಕಡೆ ಎಂಟರ್ ಒತ್ತಿದರೆ ಹೊಸ ಪ್ಯಾರಾ, ಕೆಳಗೆ ಜಾಗವೂ ಬರುತ್ತದೆ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಪ್ಯಾರಾ ಅದೇ, ಸಾಲು ಮಾತ್ರ ಕೆಳಗಿಳಿಯುತ್ತದೆ. ವಿಳಾಸ, ಪದ್ಯದ ಸಾಲು, ಒಂದರ ಕೆಳಗೊಂದು ಬರುವ ಅಳತೆಗಳಿಗೆ ಎರಡನೆಯದು. ಗದ್ಯದ ಪ್ಯಾರಾದೊಳಗೆ ಸಾಲು ಚೆಂದ ಕಾಣಲಿ ಎಂದು ಇದನ್ನು ಒತ್ತಬೇಡಿ. ನಿಮ್ಮ ಪರದೆಗೆ ಸರಿಯಾದದ್ದು ಇನ್ನೊಬ್ಬರ ಫೋನಿನಲ್ಲಿ ಮುಕ್ಕಾಗುತ್ತದೆ. ಜಾಗ ಹೆಚ್ಚು ಬೇಕೆಂದು ಎಂಟರನ್ನು ಎರಡು ಮೂರು ಸಲ ಒತ್ತುವುದೂ ಬೇಡ. ಕೆಲವು ಕಡೆ ಆ ಖಾಲಿ ಪ್ಯಾರಾಗಳು ಕಾಣೆಯಾಗುತ್ತವೆ, ಕೆಲವು ಕಡೆ ಅರ್ಧ ಪರದೆಯ ಹೊಂಡವಾಗಿ ನಿಲ್ಲುತ್ತವೆ.

ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಪ್ಯಾರಾ ಎಂಬ ವ್ಯವಸ್ಥೆಯೇ ಇಲ್ಲ. ಅಲ್ಲಿ ಎರಡು ಎಂಟರ್, ಅಂದರೆ ನಡುವೆ ಒಂದು ಖಾಲಿ ಸಾಲು, ಪ್ಯಾರಾದ ಕೆಲಸ ಮಾಡುತ್ತದೆ. ಉದ್ದದ ಬರಹವನ್ನು ಇವೆರಡೂ ಮಡಿಸಿಟ್ಟು ಉಳಿದದ್ದನ್ನು ನೋಡಲು ಒಂದು ಕೊಂಡಿ ಕೊಡುತ್ತವೆ. ಎಲ್ಲಿ ಮಡಿಸುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಮೊದಲ ಎರಡು ವಾಕ್ಯ ಮಾತ್ರ ಕೈಯಲ್ಲಿದೆ. ಅವೆರಡೂ ಹತ್ತು ಪದದೊಳಗಿನ ಪೂರ್ಣ ವಾಕ್ಯಗಳಾಗಿದ್ದರೆ ಅರೆಕ್ರಿಯೆಯ ನಡುವೆ ಕತ್ತರಿ ಬೀಳುವ ಸಂಭವ ಕಡಿಮೆ.

ಅಂಕಿ ಮತ್ತು ಅದರ ಅಳತೆ ಬೇರೆ ಬೇರೆ ಸಾಲಿಗೆ ಹೋಗುವುದು ಸಣ್ಣ ಆದರೆ ಕಿರಿಕಿರಿಯ ದೋಷ. ‘250’ ಮೇಲಿನ ಸಾಲಿನ ಕೊನೆಯಲ್ಲಿ, ‘ಗ್ರಾಂ’ ಕೆಳಗಿನ ಸಾಲಿನ ಮೊದಲಲ್ಲಿ. ಇದಕ್ಕೆ ಸಾಲು ಮುರಿಯಲು ಬಿಡದ ಸ್ಪೇಸ್ ಒಂದಿದೆ. ವರ್ಡ್‌ನಲ್ಲಿ `Ctrl+Shift+Space` ಒತ್ತಿದರೆ ಬರುತ್ತದೆ, ಎಚ್‌ಟಿಎಂಎಲ್‌ನಲ್ಲಿ `250&nbsp;ಗ್ರಾಂ` ಎಂದು ಬರೆಯಬೇಕು.

ಇದರ ಉಲ್ಟಾ ತೊಂದರೆಯೂ ಇದೆ. ಬೇರೆ ಕಡೆಯಿಂದ ನಕಲಿಸಿ ಅಂಟಿಸಿದಾಗ ಎಲ್ಲ ಪದಗಳ ನಡುವೆಯೂ ಇದೇ ಅಂಟು ಸ್ಪೇಸ್ ಬಂದು ಕೂರುವುದುಂಟು. ಆಗ ಇಡೀ ವಾಕ್ಯವೇ ಒಂದು ಪದದಂತೆ ವರ್ತಿಸಿ ಪರದೆಯಾಚೆ ಚಾಚುತ್ತದೆ, ಇಲ್ಲವೇ ಪದದ ನಡುವೆ ಎಲ್ಲೆಂದರಲ್ಲಿ ತುಂಡಾಗುತ್ತದೆ. ವರ್ಡ್‌ನಲ್ಲಿ `^s` ಎಂದು ಹುಡುಕಿ ಎಲ್ಲವನ್ನೂ ಮಾಮೂಲಿ ಸ್ಪೇಸ್‌ಗೆ ಬದಲಿಸಿ, ಬೇಕಾದ ಕಡೆ ಮಾತ್ರ ಮತ್ತೆ ಹಾಕಿಕೊಳ್ಳಿ.

ಹಂತ 7: ಸಾಲಿನ ನಡುವಿನ ಜಾಗ

ವಾಟ್ಸಾಪ್‌ನಲ್ಲಷ್ಟೇ ಬರೆಯುವವರು ಈ ಹಂತ ಬಿಡಬಹುದು. ಸ್ವಂತ ಪುಟ ಇರುವವರು ಇದನ್ನು ಒಮ್ಮೆ ಮಾಡಿಟ್ಟರೆ ಮುಂದಿನ ಎಲ್ಲ ಬರಹಕ್ಕೂ ಆಗುತ್ತದೆ.

ಕನ್ನಡ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಣಿತದ ಗುರುತು. ‘ರಾಷ್ಟ್ರ’, ‘ಶಾಸ್ತ್ರ’ಗಳಲ್ಲಿ ಒತ್ತಿಗೂ ಒಂದು ಒತ್ತು. ಇಂಗ್ಲಿಷ್ ಲಿಪಿಗೆ ಹೊಂದಿಸಿದ ಪುಟದಲ್ಲಿ ಸಾಲುಗಳ ನಡುವೆ ಇದಕ್ಕೆ ಜಾಗ ಇರುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ‘ಕೀ’, ‘ಮಿ’ಗಳಿಗೆ ತಾಗುವಂತಾಗುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇದ್ದರೆ ಸರಿ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಹೀಗೆ ಬರೆಯಿರಿ:

```css
.post p {
  font-size: 18px;
  line-height: 1.7;
  margin: 0 0 1.2em;
  text-align: left;
}
```

`.post` ಇರುವ ಕಡೆ ನಿಮ್ಮ ಪುಟದಲ್ಲಿ ಬರಹದ ಭಾಗಕ್ಕೆ ಇರುವ ಹೆಸರು ಹಾಕಿ. `line-height`ಗೆ ಬರೀ ಅಂಕಿ ಕೊಡಿ, `30px` ಎಂದು ಕೊಡಬೇಡಿ. ಪಿಕ್ಸೆಲ್‌ನಲ್ಲಿ ಕೊಟ್ಟರೆ ಅಕ್ಷರದ ಗಾತ್ರ ಮಾತ್ರ ಹೆಚ್ಚಿದಾಗ ಸಾಲಿನ ಎತ್ತರ ಅಷ್ಟೇ ಉಳಿದು ಒತ್ತುಗಳು ಒಂದರ ಮೇಲೊಂದು ಹತ್ತುತ್ತವೆ. `margin`ನ 1.2em ಪ್ಯಾರಾಗಳ ನಡುವಿನ ಜಾಗ. ಇದು ಸಾಲುಗಳ ನಡುವಿನ ಜಾಗಕ್ಕಿಂತ ಎದ್ದು ಕಾಣಬೇಕು, ಇಲ್ಲದಿದ್ದರೆ ಪ್ಯಾರಾ ಮುರಿದದ್ದೇ ತಿಳಿಯುವುದಿಲ್ಲ. ಪ್ಯಾರಾ ನಡುವೆ ಜಾಗ ಕೊಟ್ಟ ಮೇಲೆ ಮೊದಲ ಸಾಲನ್ನು ಒಳಕ್ಕೆ ಸರಿಸುವುದು ಬೇಡ. ನಾಲ್ಕು ಪದದ ಸಾಲಿನಲ್ಲಿ ಅದು ಒಂದು ಪದದ ಜಾಗ ತಿನ್ನುತ್ತದೆ.

ಎರಡೂ ಅಂಚು ಸಮ ಮಾಡುವ `justify` ಪತ್ರಿಕೆಯ ಪುಟದಂತೆ ಕಾಣುತ್ತದೆ ಎಂದು ಬಹಳ ಮಂದಿಗೆ ಪ್ರೀತಿ. ಫೋನಿನಲ್ಲಿ ಅದನ್ನು ಬಿಟ್ಟುಬಿಡಿ. ಸಾಲಿನಲ್ಲಿ ಮೂರೇ ಪದ ಹಿಡಿದರೆ ಉಳಿದ ಜಾಗವೆಲ್ಲ ನಡುವಿನ ಎರಡು ಸ್ಪೇಸ್‌ಗಳಿಗೆ ಹೋಗಿ ಪದಗಳು ದೂರ ದೂರ ನಿಲ್ಲುತ್ತವೆ, ಸಾಲಿನಿಂದ ಸಾಲಿಗೆ ಆ ಬಿಳಿ ಓಣಿ ಕೆಳಗಿಳಿಯುತ್ತದೆ. ಉಪಶೀರ್ಷಿಕೆ ಇದ್ದರೆ ಅದರ ಮೇಲಿನ ಜಾಗ ಕೆಳಗಿನ ಜಾಗದ ಎರಡರಷ್ಟಿರಲಿ. ಎರಡೂ ಸಮ ಇದ್ದರೆ ಅದು ಹಿಂದಿನ ಪ್ಯಾರಾದ ಬಾಲವೋ ಮುಂದಿನದರ ತಲೆಯೋ ಗೊತ್ತಾಗುವುದಿಲ್ಲ.

ಹಂತ 8: ಪ್ರಕಟಿಸುವ ಮುಂಚೆ

ಫೋನಿನಲ್ಲಿ ಕರಡು ತೆರೆದು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಬಾಲಗಳ ಪ್ರಾಸ ಕಿವಿಗೆ ಬೀಳುವುದಿಲ್ಲ. ಉಸಿರು ಸಾಲದ ಕಡೆ ಮೂರನೆಯ ಹಂತಕ್ಕೆ, ರಾಗ ಎಳೆದಂತಾದ ಕಡೆ ನಾಲ್ಕನೆಯದಕ್ಕೆ ಹೋಗಿ.

ಆಮೇಲೆ ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ಎರಡು ಹೆಜ್ಜೆ ದೊಡ್ಡದು ಮಾಡಿ ಅದೇ ಬರಹ ನೋಡಿ. ವಯಸ್ಸಾದ ಓದುಗರಲ್ಲಿ ಅನೇಕರು ಹೀಗೇ ಇಟ್ಟುಕೊಂಡಿರುತ್ತಾರೆ. ಬ್ರೌಸರಿನಲ್ಲಿ ಅಕ್ಷರ ದೊಡ್ಡದಾಗದಿದ್ದರೆ ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೆಂದೇ ಇರುವ ಆಯ್ಕೆಯಿಂದ ಹೆಚ್ಚಿಸಿಕೊಳ್ಳಿ. ಆಗ ಸಾಲಿಗೆ ಮೂರು ಪದವಷ್ಟೇ ಹಿಡಿಯುತ್ತದೆ, 45 ಪದದ ಪ್ಯಾರಾ ಹದಿನೈದು ಸಾಲಾಗುತ್ತದೆ. ಮೊದಲ ಗಾತ್ರದಲ್ಲಿ ಕಾಣದ ಉದ್ದ ಪದಗಳು ಈಗ ಸಾಲಿನ ಅಂಚಿನಲ್ಲಿ ಒಂದೊಂದಾಗಿ ಕಾಣಿಸುತ್ತವೆ. ಒಂದಿಡೀ ಸಾಲನ್ನು ಒಬ್ಬಂಟಿಯಾಗಿ ಹಿಡಿದು ಕೂತ ಪದಗಳನ್ನು ಮಾತ್ರ ಬಿಡಿಸಿ, ಉಳಿದವನ್ನು ಹಾಗೇ ಬಿಡಿ.